ಸಾಲದ ಕಾಗದ ಅಂತ ಹೇಳಿ ಹೊಲ ಬರೆಸಿಕೊಂಡರೆ

ಪ್ರಶ್ನೆ: ನಮ್ಮ ಆಯಿಗೆ 74 ವರ್ಷ, ಓದು ಬರಹ ಬರಲ್ಲ. ಆಳಂದ ತಾಲೂಕಿನ ಹಳ್ಳಿಯಲ್ಲಿ ಇದ್ದಾರೆ. ಅವರ ಪಿಂಚಣಿ, ಬ್ಯಾಂಕು ಎಲ್ಲಾ ನೋಡಿಕೊಳ್ಳುತ್ತಿದ್ದ ನಮ್ಮ ಕಾಕಾನ ಮಗ, ಬೆಳೆಸಾಲದ ಕಾಗದ ಅಂತ ಕರೆದುಕೊಂಡು ಹೋಗಿ 4 ಎಕರೆ ಹೊಲ ತನ್ನ ಹೆಸರಿಗೆ ಖರೀದಿ ಮಾಡಿಸಿಕೊಂಡಿದ್ದಾನೆ. ಹೆದರಿಸಿದ್ದಾನೆ ಅಂತಾನೂ ಹೇಳ್ತಾರೆ. ರಿಜಿಸ್ಟರ್ ಆದ ಮೇಲೆ ರದ್ದು ಮಾಡಿಸೋಕೆ ಆಗುತ್ತಾ?

ಉತ್ತರ:

ಆಗುತ್ತೆ. ಆದರೆ ತಹಸೀಲ್ದಾರರಿಂದಲೂ ಅಲ್ಲ, ಠಾಣೆಯಲ್ಲೂ ಅಲ್ಲ, ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲೂ ಅಲ್ಲ. ಸಿವಿಲ್ ಕೋರ್ಟಿನಲ್ಲಿ ದಾವೆ ಹಾಕಬೇಕು. ನಾನು ಕಲಬುರಗಿಯಲ್ಲಿ ಹತ್ತೊಂಬತ್ತು ವರ್ಷದಿಂದ ಸಿವಿಲ್ ಕೇಸು ನಡೆಸುತ್ತಿದ್ದೇನೆ. ನಿಮ್ಮ ಆಯಿಯಂಥವರು ಪ್ರತಿ ವರ್ಷ ಬರುತ್ತಾರೆ, ಅದೂ ಜಾಸ್ತಿ ತೊಗರಿ ರಾಶಿ ಮುಗಿದ ಮೇಲೆ. ಬೆಳೆಯ ಲೆಕ್ಕ ಕೇಳಿದಾಗಲೇ ಪಹಣಿಯಲ್ಲಿ ಹೆಸರು ಬದಲಾಗಿರುವುದು ಬಯಲಾಗುತ್ತದೆ.

ಮನೆಯಲ್ಲಿ ನಾವು ಎಲ್ಲದಕ್ಕೂ 'ಮೋಸ' ಅಂದುಬಿಡುತ್ತೇವೆ. ಕೋರ್ಟಿನಲ್ಲಿ ಅದು ನಡೆಯುವುದಿಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 6, ನಿಯಮ 4ರ ಪ್ರಕಾರ ಯಾರು, ಯಾವತ್ತು, ಎಲ್ಲಿ, ಏನು ಹೇಳಿ ಬರೆಸಿಕೊಂಡರು ಅನ್ನುವುದನ್ನು ದಾವೆಯಲ್ಲೇ ಬಿಡಿಸಿ ಬರೆಯಬೇಕು. ನಿಮ್ಮ ಪ್ರಶ್ನೆಯಲ್ಲೇ ಮೂರು ಬೇರೆ ಬೇರೆ ಮಾತು ಇವೆ. ಸಾಲದ ಕಾಗದ ಅಂದ, ಅದು ತಪ್ಪು ನಿರೂಪಣೆ ಅಥವಾ ವಂಚನೆ. ಹೆದರಿಸಿದ, ಅದು ಬಲಾತ್ಕಾರ. ಬ್ಯಾಂಕು ಪಿಂಚಣಿ ಎಲ್ಲಾ ಅವನ ಕೈಯಲ್ಲಿತ್ತು, ಅದು ಅನುಚಿತ ಪ್ರಭಾವ. 1872ರ ಕರಾರು ಕಾಯ್ದೆ ಮೂರಕ್ಕೂ ಬೇರೆ ಬೇರೆ ಕಲಂ ಇಟ್ಟಿದೆ. ಮೂರಕ್ಕೂ ಬೇಕಾದ ಸಾಕ್ಷಿ ಬೇರೆ.

ಆದ್ದರಿಂದ ಮೊದಲು ಆಯಿ ಹತ್ರ ಕೂತು ಕೇಳಿ. 'ಅವ ಸಾಲದ ಕಾಗದ ಅಂದ, ಹೌದಲ್ಲೋ?' ಅಂತ ನೀವೇ ಮಾತು ಎತ್ತಿಕೊಡಬೇಡಿ. 'ಅವತ್ತು ಏನಾಯ್ತು ಹೇಳವ್ವ' ಅಂತ ಕೇಳಿ ಸುಮ್ನಿರಿ. ನಾಳೆ ಪಾಟೀಸವಾಲಿನಲ್ಲಿ ಅವರು ಒಬ್ಬರೇ ನಿಲ್ಲುವವರು. 'ಹೊಲ ಅವನಿಗೇ ಕೊಟ್ಟೀನಿ, ಸಾಯೋತನ ನೋಡ್ಕೊಂತೀನಿ ಅಂದಿದ್ದ, ಈಗ ನೋಡವಲ್ಲ' ಅಂತ ಅವರು ಅಂದರೆ ನಿಮ್ಮ ಕೇಸೇ ಬೇರೆ.

ಇದು ಯಾಕೆ ಮುಖ್ಯ ಅಂದರೆ, ಯಾವ ಕಾಗದ ಅನ್ನುವುದರಲ್ಲೇ ಮೋಸ ಆಗಿದ್ದರೆ ಒಂದು ಫಲ, ಕಾಗದದ ಒಳಗಿನ ವಿವರದಲ್ಲಿ ಆಗಿದ್ದರೆ ಇನ್ನೊಂದು. ನಮ್ಮ ಪಕ್ಕದ ವಿಜಯಪುರ ಕಡೆಯ ನಿಂಗವ್ವ ವಿರುದ್ಧ ಬೈರಪ್ಪ ಕೇಸಿನಲ್ಲಿ ಸುಪ್ರೀಂ ಕೋರ್ಟು 1968ರಲ್ಲಿ ಇದನ್ನೇ ಹೇಳಿತು. ಸಾಲದ ಕಾಗದ ಅಂತ ನಂಬಿಸಿ ಖರೀದಿ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಿದರೆ ಆ ಪತ್ರ ಹುಟ್ಟುವಾಗಲೇ ಸತ್ತಂತೆ. ಖರೀದಿ ಅಂತ ಗೊತ್ತಿತ್ತು, ಆದರೆ ಒಂದು ಎಕರೆ ಅಂತ ಹೇಳಿ ನಾಲ್ಕು ಎಕರೆ ಬರೆಸಿದರೆ ಆ ಪತ್ರ ಜೀವಂತ ಇರುತ್ತದೆ, ಮೋಸಹೋದವರು ಹೋಗಿ ರದ್ದು ಮಾಡಿಸಬೇಕು. ಆ ಕೇಸಿನಲ್ಲಿ ಗಂಡ ದಾನಪತ್ರದಲ್ಲಿ ಹೆಂಡತಿಗೆ ತಿಳಿಯದಂತೆ ಹೆಚ್ಚುವರಿ ಹೊಲ ಸೇರಿಸಿದ್ದ. ಆದರೆ ಆಕೆಗೆ ಅದು ಕೆಲವೇ ದಿನದಲ್ಲಿ ಗೊತ್ತಾಗಿತ್ತು, ದಾವೆ ಹಾಕಿದ್ದು ವರ್ಷಗಳು ಕಳೆದ ಮೇಲೆ. ಹಾಗೆ ಸೇರಿಸಿದ ಹೊಲದ ಮಟ್ಟಿಗೆ ಕಾಲಮಿತಿ ಮೀರಿಹೋಗಿತ್ತು.

ಇನ್ನು ಹೆದರಿಸಿದ ಮಾತು. ಏನಂತ ಹೆದರಿಸಿದ? 'ಸಹಿ ಮಾಡದಿದ್ದರೆ ಕೈಕಾಲು ಮುರಿಯುತ್ತೀನಿ' ಅಂದರೆ ಅದು ಬಲಾತ್ಕಾರ. ನಿಮ್ಮ ಟ್ರ್ಯಾಕ್ಟರನ್ನು ಕಾನೂನುಬಾಹಿರವಾಗಿ ಹಿಡಿದಿಟ್ಟುಕೊಂಡು 'ಈ ಬಾಂಡಿಗೆ ಸಹಿ ಹಾಕು, ಬಿಡುತ್ತೀನಿ' ಅಂದರೂ ಬಲಾತ್ಕಾರವೇ. 'ಬಾಕಿ ಕೊಡದಿದ್ದರೆ ಕೋರ್ಟಿಗೆ ಹಾಕುತ್ತೀನಿ' ಅಂದರೆ ಅಲ್ಲ, ಅದು ಅವನ ಹಕ್ಕು. 'ಮಾತಾಡೋದು ಬಿಡ್ತೀನಿ, ನಿನ್ನ ಮಣ್ಣಿಗೂ ಬರಲ್ಲ' ಅನ್ನುವುದು ಆಯಿಗೆ ಏಟಿಗಿಂತ ಜೋರಾಗಿ ತಾಗಿರಬಹುದು, ಆದರೆ ಅದು ಅಪರಾಧದ ಬೆದರಿಕೆ ಅಲ್ಲ. 'ನಾ ಸಾಯ್ತೀನಿ' ಅಂತ ಹೆದರಿಸಿ ಬರೆಸಿಕೊಂಡಿದ್ದನ್ನು ಮಾತ್ರ ನೂರು ವರ್ಷದ ಹಿಂದೆಯೇ ಮದ್ರಾಸ್ ಹೈಕೋರ್ಟು ಬಹುಮತದಿಂದ ಬಲಾತ್ಕಾರ ಅಂದಿದೆ. ಅಲ್ಲಿ ಹೆಂಡತಿ ಮತ್ತು ಮಗನಿಗೆ ಹಾಗೆ ಹೆದರಿಸಿ ತನ್ನ ಸಹೋದರನ ಹೆಸರಿಗೆ ಹಕ್ಕು ಬಿಡುಗಡೆ ಬರೆಸಿದ್ದ ಗಂಡ. ನಿಮ್ಮಲ್ಲಿ ಅಂಥದ್ದೇನೂ ಇಲ್ಲದಿದ್ದರೆ ಈ ಮಾತನ್ನು ದಾವೆಯಲ್ಲಿ ತುರುಕಬೇಡಿ. ಸಾಕ್ಷಿ ಇಲ್ಲದ ಒಂದು ಆರೋಪ ಉಳಿದ ಎರಡನ್ನೂ ಕೆಡಿಸುತ್ತದೆ. ಎದುರು ವಕೀಲರು ಹಿಡಿಯುವುದೂ ಅದನ್ನೇ: 'ಹೆದರಿ ಒತ್ತಿದಿರೋ, ಗೊತ್ತಿಲ್ಲದೆ ಒತ್ತಿದಿರೋ?'

ನನ್ನ ಲೆಕ್ಕದಲ್ಲಿ ನಿಮ್ಮ ಗಟ್ಟಿ ನೆಲ ಮೂರನೆಯದು, ಅನುಚಿತ ಪ್ರಭಾವ. ಕಾಯ್ದೆಯ 16ನೇ ಕಲಂ. ಇಲ್ಲಿ ಎರಡು ವಿಷಯ ತೋರಿಸಬೇಕು. ಒಂದು, ಅವನು ಆಯಿಯ ಮನಸ್ಸಿನ ಮೇಲೆ ಹಿಡಿತ ಇಟ್ಟುಕೊಳ್ಳುವ ಜಾಗದಲ್ಲಿದ್ದ. ಎರಡು, ವ್ಯವಹಾರ ನೋಡಿದರೇ ಅನ್ಯಾಯ ಅನ್ನಿಸುತ್ತದೆ. ಇವೆರಡನ್ನು ತೋರಿಸಿದರೆ ರುಜುವಾತಿನ ಹೊರೆ ತಿರುಗಿ ಅವನ ತಲೆ ಮೇಲೆ ಬರುತ್ತದೆ. ಆಯಿ ಸ್ವಂತ ಬುದ್ಧಿಯಿಂದ, ತಿಳಿದು ಕೊಟ್ಟಳು ಅಂತ ಅವನೇ ಸಾಬೀತು ಮಾಡಬೇಕು. ಮೊಮ್ಮಗ ಅನ್ನುವ ಸಂಬಂಧ ಒಂದೇ ಸಾಲದು. ವಯಸ್ಸಾಗಿದೆ ಅನ್ನುವುದೂ ಒಂದೇ ಸಾಲದು.

ಅದು ಹೇಗೆ ತೋರಿಸುವುದು ಅನ್ನುವುದಕ್ಕೆ ನಾನೇ ನಡೆಸಿದ ಒಂದು ಕೇಸು ಹೇಳುತ್ತೇನೆ. ಗುರುತು ಸಿಗದ ಹಾಗೆ ಬದಲಿಸಿದ್ದೇನೆ. ಜೇವರ್ಗಿ ಕಡೆಯ ವಿಧವೆ, 3 ಎಕರೆ 10 ಗುಂಟೆ, ಬರೆಸಿಕೊಂಡವನು ಮೈದುನನ ಮಗ. ಪತ್ರದಲ್ಲಿ ಬೆಲೆ 3,25,000 ರೂಪಾಯಿ. ಅವನ ವಾದ ಸರಳ: ಹಣ ಆಕೆಯ ಖಾತೆಗೇ ಹಾಕಿದ್ದೇನೆ, ನೋಡಿ ಪಾಸ್‌ಬುಕ್ಕು. ಹೌದು, ಹಾಕಿದ್ದ. ನಾವು ಪಾಸ್‌ಬುಕ್ಕಿಗೆ ನಿಲ್ಲದೆ ಬ್ಯಾಂಕಿನಿಂದ ಮೂಲ ಚೀಟಿ ತರಿಸಿದೆವು. ಹಣ ಬಿದ್ದ ಮರುದಿನ ಹೆಬ್ಬೆಟ್ಟಿನ ಚೀಟಿಯಲ್ಲಿ 3,20,000 ತೆಗೆದಿತ್ತು. ಆ ಚೀಟಿಯ ಹಿಂದೆ ಸಾಕ್ಷಿ ಹಾಕಿದವನು ಅವನೇ. ಅವನ ಖಾತೆಯ ಲೆಕ್ಕ ಕರೆಸಿದಾಗ ಎರಡು ದಿನದ ನಂತರ 2,90,000 ನಗದು ಜಮಾ. ಎಲ್ಲಿಂದ ಬಂತು ಅಂದರೆ 'ಹತ್ತಿ ಮಾರಿದ್ದು' ಅಂದ. ಅಡತಿಯ ಪಟ್ಟಿ ತೋರಿಸಪ್ಪ ಅಂದರೆ ಇಲ್ಲ.

ಅದು ಅನ್ಯಾಯದ ಭಾಗ. ಹಿಡಿತದ ಭಾಗಕ್ಕೆ ಇನ್ನೂ ಸಣ್ಣ ಸಣ್ಣ ವಸ್ತು ಕೆಲಸಕ್ಕೆ ಬಂದವು. ಆಕೆಯ ಖಾತೆಗೆ ಜೋಡಿಸಿದ್ದ ಮೊಬೈಲ್ ನಂಬರು ಅವನದು. ಮುದ್ರಾಂಕ ಶುಲ್ಕ ಕಟ್ಟಿದ್ದು ಅವನು, ಪತ್ರ ಬರೆಯುವವರನ್ನು ಗೊತ್ತು ಮಾಡಿದ್ದು ಅವನು, ಇಬ್ಬರು ಸಾಕ್ಷಿಗಳೂ ಅವನ ಗೆಳೆಯರು, ಆಕೆಯ ಊರಿನವರು ಒಬ್ಬರೂ ಇಲ್ಲ. ಆಕೆಗೆ ಇಬ್ಬರು ಹೆಣ್ಣುಮಕ್ಕಳಿದ್ದರು, ಬಸ್ಸಿನಲ್ಲಿ ಒಂದು ತಾಸಿನ ದಾರಿ. ಅವರಿಗೆ ಫೋನು ಕೂಡ ಮಾಡಿಲ್ಲ. 'ಪತ್ರ ಓದಿ ಹೇಳಿದಿರಾ?' ಅಂತ ಬರೆದವರನ್ನು ಕೇಳಿದೆ. 'ಓದಿದೆ' ಅಂದರು. 'ಎಷ್ಟು ಹೊತ್ತು?' ಅಂದೆ. ಉತ್ತರ ಬರಲಿಲ್ಲ. ಓದು ಬರಹ ಬಾರದ ಹೆಣ್ಣುಮಗಳ ವಿಷಯದಲ್ಲಿ ಓದಿ ಹೇಳಿದರೆ ಸಾಲದು, ಅರ್ಥವಾಗಿತ್ತು ಅಂತಲೂ ಕೋರ್ಟು ನೋಡುತ್ತದೆ. ಪತ್ರ ರದ್ದಾಯಿತು. ನಾಲ್ಕು ವರ್ಷ ಹಿಡಿಯಿತು, ಈಗ ಅವನು ಅಪೀಲಿನಲ್ಲಿದ್ದಾನೆ. ಬೇಗ ಮುಗಿಯುತ್ತೆ ಅಂತ ನಿಮಗೆ ಹೇಳಿದರೆ ಸುಳ್ಳಾಗುತ್ತದೆ.

ರದ್ದಾಗುವಾಗ ಪಡೆದದ್ದನ್ನು ವಾಪಸ್ ಕೊಡಬೇಕು, ಅದು 64ನೇ ಕಲಂ. ಆ ಕೇಸಿನಲ್ಲಿ ಖಾತೆಯಲ್ಲಿ ಉಳಿದಿದ್ದ 5,000 ವಾಪಸ್ ಕೊಡಲು ಸಿದ್ಧ ಅಂತ ದಾವೆಯಲ್ಲೇ ಬರೆದಿದ್ದೆವು. ನಿಮ್ಮ ಆಯಿಯ ಖಾತೆಗೆ ಅವನ ಹಣ ಬಂದಿದ್ದರೆ ಅದನ್ನು ಮುಟ್ಟಬೇಡಿ. ಗೊತ್ತಾದ ಮೇಲೂ ಆ ಹಣದಲ್ಲಿ ಮದುವೆ ಮಾಡಿದರೆ, ಒಪ್ಪಿಕೊಂಡಂತೆಯೇ ಅಂತ ಅವನ ವಕೀಲರು ವಾದಿಸುತ್ತಾರೆ.

ಒಂದು ಅಡ್ಡಮಾತು. ಎಲ್ಲ ತಪ್ಪು ಮಾತಿಗೂ ಹೀಗೆ ರಕ್ಷಣೆ ಇಲ್ಲ. ಹೊಲ ಕೊಳ್ಳುವಾಗ ಮಾರುವವನು 'ಸಾಲ ಏನಿಲ್ಲ' ಅಂತ ತಾನೇ ನಂಬಿ ಹೇಳಿದ, ಪಹಣಿಯ 11ನೇ ಕಾಲಂನಲ್ಲಿ ಬ್ಯಾಂಕಿನ ಸಾಲ ಎದ್ದು ಕಾಣುತ್ತಿತ್ತು, ನೀವು ನೋಡಲಿಲ್ಲ. ಆಗ 19ನೇ ಕಲಂನ ವಿನಾಯಿತಿ ನಿಮಗೇ ಅಡ್ಡ ಬರುತ್ತದೆ: ಸಾಮಾನ್ಯ ಎಚ್ಚರದಿಂದ ತಿಳಿಯಬಹುದಿತ್ತಲ್ಲ ಅಂತ. ಗೊತ್ತಿದ್ದೂ ಬಾಯಿಬಿಟ್ಟು ಸುಳ್ಳು ಹೇಳಿದ್ದರೆ ಮಾತ್ರ ಆ ವಿನಾಯಿತಿ ಅವನಿಗೆ ಸಿಗುವುದಿಲ್ಲ.

ಈಗ ಕಾಲದ ಮಾತು. ಕಾಲಮಿತಿ ಕಾಯ್ದೆಯ 59ನೇ ವಿಧಿಯ ಪ್ರಕಾರ ವಿಷಯ ಮೊದಲು ಗೊತ್ತಾದ ದಿನದಿಂದ 3 ವರ್ಷ. 'ಪತ್ರ ಹುಟ್ಟುವಾಗಲೇ ಸತ್ತಿದೆ, ಅವಸರ ಯಾಕೆ' ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಗೊತ್ತಾದ ದಿನಕ್ಕೆ ಒಂದು ಗುರುತು ಇರಲಿ, ಉದಾಹರಣೆಗೆ ಪಹಣಿ ತೆಗೆಸಿದ ತಾರೀಕು. ಅದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ಅವನು ಹೊಲವನ್ನು ಏನೂ ಗೊತ್ತಿಲ್ಲದ ಮೂರನೆಯವರಿಗೆ ಹಣ ತೊಗೊಂಡು ಮಾರಿದರೆ, ರದ್ದು ಮಾಡಿಸುವುದು ಬಹಳ ಕಷ್ಟ. ದಾವೆ ಹಾಕಿದ ಮೇಲೆ ಕೊಂಡವರು ಮಾತ್ರ ತೀರ್ಪಿಗೆ ಕಟ್ಟುಬೀಳುತ್ತಾರೆ. ಹಾಗಾಗಿ ಈ ವಾರವೇ ಋಣಭಾರ ಪತ್ರ ಮತ್ತು ಖರೀದಿ ಪತ್ರದ ದೃಢೀಕೃತ ನಕಲು ತೆಗೆಸಿ. ಮುಟೇಶನ್ ಇನ್ನೂ ಆಗದಿದ್ದರೆ ತಹಸೀಲ್ದಾರರಿಗೆ ಲಿಖಿತ ತಕರಾರು ಕೊಡಿ. ದಾವೆಯ ಜೊತೆಗೇ ಮಾರಾಟಕ್ಕೆ ತಡೆಯಾಜ್ಞೆ ಕೇಳಿ.

ಹಿರಿಯ ನಾಗರಿಕರ ಕಾಯ್ದೆಯಲ್ಲಿ ಅಸಿಸ್ಟೆಂಟ್ ಕಮಿಷನರ್ ಹತ್ರ ಬೇಗ ಆಗುತ್ತೆ ಅಂತ ನಿಮಗೆ ಯಾರಾದರೂ ಹೇಳಿಯೇ ಹೇಳುತ್ತಾರೆ. ಆ 2007ರ ಕಾಯ್ದೆಯ 23ನೇ ಕಲಂ ಬೇಕಾಗುವುದು 'ನೋಡಿಕೊಳ್ಳುತ್ತೇನೆ' ಅನ್ನುವ ಷರತ್ತಿನ ಮೇಲೆ ಕೊಟ್ಟಾಗ. ಆಯಿ ನಿಜವಾಗಿ ಹಾಗೆಂದು ಕೊಟ್ಟಿದ್ದರೆ ಆ ದಾರಿ ನೋಡಿ. ಸಾಲದ ಕಾಗದದ ಕಥೆಗೆ ಅದು ಹೊಂದುವುದಿಲ್ಲ.

ಆಯಿಯೇ ಬರೆದುಕೊಟ್ಟ ಪತ್ರ ಆದ್ದರಿಂದ ಕೋರ್ಟ್ ಶುಲ್ಕ ಆಸ್ತಿಯ ಮೌಲ್ಯದ ಮೇಲೆ ಬೀಳುತ್ತದೆ. ಅದಕ್ಕೆ ಹೆದರಿ ಎಷ್ಟೋ ಮಂದಿ ಅರ್ಧಕ್ಕೇ ವಾಪಸ್ ಹೋಗುತ್ತಾರೆ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವಿನ ಹಕ್ಕಿದೆ, ವಕೀಲರ ಜೊತೆಗೆ ಕೋರ್ಟ್ ಶುಲ್ಕಕ್ಕೂ ಕೇಳಬಹುದು. ಕೋರ್ಟಿನ ಆವರಣದಲ್ಲೇ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಚೇರಿ ಇದೆ. ಆಯಿಯ ಆಧಾರ್, ಪಾಸ್‌ಬುಕ್ಕು, ಹಳೆ ಪಹಣಿ ಹಿಡಿದುಕೊಂಡು ಅವರನ್ನೇ ಕರೆದುಕೊಂಡು ಹೋಗಿ, ಅರ್ಜಿ ಅವರ ಹೆಸರಿನಲ್ಲೇ ಆಗಬೇಕು.