ಸ್ಟೇಟ್‌ಮೆಂಟ್ ಪಿಡಿಎಫ್ ತಿದ್ದಿದ್ದಾರಾ ಎಂದು ತಿಳಿಯುವುದು ಹೇಗೆ?

"ಒಬ್ಬರು ಬ್ಯಾಂಕ್ ಸ್ಟೇಟ್‌ಮೆಂಟ್ ಪಿಡಿಎಫ್ ಕಳಿಸಿದ್ದಾರೆ. ನೋಡೋಕೆ ಸರಿಯಾಗೇ ಇದೆ. ತಿದ್ದಿದ್ದರೆ ಗೊತ್ತಾಗುತ್ತಾ?"

ಮೊದಲು ಕ್ಯಾಲ್ಕುಲೇಟರ್ ಹಿಡಿಯಿರಿ, ಫಾಂಟ್ ಆಮೇಲೆ. ಪ್ರತಿ ಸಾಲಿನಲ್ಲೂ ಹಿಂದಿನ ಬ್ಯಾಲೆನ್ಸ್‌ಗೆ ಜಮೆ ಕೂಡಿಸಿ, ಖರ್ಚು ಕಳೆದರೆ ಆ ಸಾಲಿನ ಬ್ಯಾಲೆನ್ಸ್ ಬರಬೇಕು. ಹಿಂದಿನ ಬ್ಯಾಲೆನ್ಸ್ 33,810 ಇದೆ, ಸಂಬಳ 65,000 ಜಮೆಯಾಗಿದೆ ಎಂದುಕೊಳ್ಳಿ. 98,810 ಆಗಬೇಕು ಅಲ್ವಾ? ಅಲ್ಲಿ 68,810 ಎಂದಿದ್ದರೆ, ನಿಜವಾಗಿ ಬಂದದ್ದು 35,000, ಯಾರೋ 3 ಅನ್ನು 6 ಮಾಡಿರಬಹುದು. (ಕೆಲವು ಸ್ಟೇಟ್‌ಮೆಂಟ್‌ಗಳಲ್ಲಿ ಹೊಸ ಸಾಲು ಮೇಲಿರುತ್ತದೆ. ಆಗ ಕೆಳಗಿನಿಂದ ಲೆಕ್ಕ ಹಾಕಿ.)

ಜಾಣರು ಮುಂದಿನ ಎಲ್ಲ ಬ್ಯಾಲೆನ್ಸ್‌ಗಳನ್ನೂ ತಿದ್ದಿರುತ್ತಾರೆ. ಆದರೆ ಒಟ್ಟು ಜಮೆಯ ಮೊತ್ತವನ್ನೋ ಮುಂದಿನ ತಿಂಗಳ ಆರಂಭದ ಬ್ಯಾಲೆನ್ಸನ್ನೋ ಮರೆಯುವುದು ಜಾಸ್ತಿ. ಅದಕ್ಕೇ ಸತತ ಎರಡು ತಿಂಗಳದ್ದು ಕೇಳಿ.

ಇನ್ನು ಫಾಂಟ್. ಅನುಮಾನದ ಸಾಲನ್ನು 400% ಹಿಗ್ಗಿಸಿ, ಅಂಕಿಗಳ ಬಲ ಅಂಚು ಮೇಲಿನ ಕೆಳಗಿನ ಸಾಲುಗಳಿಗೆ ನೇರವಾಗಿದೆಯಾ ನೋಡಿ. ಅದೇ ಅಂಕಿ ಬೇರೆ ಕಡೆ ಇದ್ದರೆ ಆಕಾರ, ದಪ್ಪ ಹೋಲಿಸಿ. ಫೈಲಿನಲ್ಲಿರುವ ಫಾಂಟ್‌ಗಳ ಪಟ್ಟಿ ಬೇಕಿದ್ದರೆ, Poppler ಎಂಬ ಉಚಿತ ಸಾಧನ ಹಾಕಿಕೊಂಡು ಟರ್ಮಿನಲ್‌ನಲ್ಲಿ ಈ ಕಮಾಂಡ್ ಕೊಡಿ:

```
pdffonts statement.pdf
```

ಅದೇ ಖಾತೆಯ ಬೇರೆ ತಿಂಗಳಲ್ಲಿಲ್ಲದ ಫಾಂಟ್ ಇಲ್ಲಿ ಕಂಡರೆ ಅನುಮಾನ ಪಡಿ. ಸುಮ್ನೆ ಒಂದಕ್ಕಿಂತ ಹೆಚ್ಚು ಫಾಂಟ್ ಇರುವುದು ತಪ್ಪಲ್ಲ. ಸ್ಕ್ಯಾನ್ ಮಾಡಿದ ಪಿಡಿಎಫ್ ಬರೀ ಚಿತ್ರ, ಅಲ್ಲಿ ಈ ಪಟ್ಟಿ ಖಾಲಿ ಬರಬಹುದು.

ಇವೆಲ್ಲ ಸುಳಿವುಗಳು ಮಾತ್ರ. ಏನೂ ಸಿಗದಿದ್ದರೂ ಫೈಲ್ ಅಸಲಿ ಎಂದೇನಲ್ಲ. ಮೊತ್ತ ದೊಡ್ಡದಿದ್ದರೆ, ಅವರ ಒಪ್ಪಿಗೆ ಪಡೆದು ಬ್ಯಾಂಕಿನಿಂದಲೇ ನೇರವಾಗಿ ತರಿಸಿ.