ಕಂತು ಅಷ್ಟೇ ಇತ್ತು, ಅವಧಿ ಬೆಳೆದಿತ್ತು

2024ರ ಫೆಬ್ರವರಿಯಲ್ಲಿ ಹುಬ್ಬಳ್ಳಿಯ ನವನಗರದಿಂದ ಒಂದು ದಂಪತಿ ಗೃಹಸಾಲದ ಸಲಹೆ ಕೇಳಲು ನನ್ನ ಬಳಿ ಬಂದಿದ್ದರು. ಬಸವರಾಜ, ಶಾಂತಾ ಎಂದು ಕರೆಯೋಣ, ನಿಜವಾದ ಹೆಸರುಗಳಲ್ಲ. ಬಸವರಾಜ ಅವರಿಗೆ 42 ವರ್ಷ, ಗೋಕುಲ ರಸ್ತೆಯ ಕಾರ್ಖಾನೆಯೊಂದರಲ್ಲಿ ಕೆಲಸ. 2021ರ ಸೆಪ್ಟೆಂಬರಿನಲ್ಲಿ 25 ಲಕ್ಷ ರೂಪಾಯಿ ಗೃಹಸಾಲ ಪಡೆದಿದ್ದರು: ಬದಲಾಗುವ ಬಡ್ಡಿ ಶೇ 6.75, ಅವಧಿ 20 ವರ್ಷ, ತಿಂಗಳ ಕಂತು 19,009.

"ಒಂದು ಕಂತೂ ತಪ್ಪಿಸಿಲ್ಲ ಸರ್. ಸಾಲ ಮಾತ್ರ ಇಳಿಯುತ್ತಲೇ ಇಲ್ಲವಲ್ಲ?" ಎಂದರು ಶಾಂತಾ.

ಖಾತೆಯ ವಿವರಪಟ್ಟಿಯ ಕೊನೆಯ ಸಾಲಿನ ಮೇಲೆ ಬೆರಳಿಟ್ಟು ತೋರಿಸಿದೆ. ಆ ತಿಂಗಳ ಕಂತಿನಲ್ಲಿ ಬಡ್ಡಿಗೆ ಹೋದದ್ದು 18,754, ಅಸಲಿಗೆ ಸೇರಿದ್ದು ಬರೀ 255. 5 ಲಕ್ಷಕ್ಕೂ ಹೆಚ್ಚು ಕಟ್ಟಿದ್ದರೂ 24.33 ಲಕ್ಷ ಬಾಕಿಯಿತ್ತು.

2022ರ ಮೇ ತಿಂಗಳಿಂದ 2023ರ ಫೆಬ್ರವರಿವರೆಗೆ ರಿಸರ್ವ್ ಬ್ಯಾಂಕು ರೆಪೊ ದರವನ್ನು, ಅಂದರೆ ತಾನು ಬ್ಯಾಂಕುಗಳಿಗೆ ಕೊಡುವ ಅಲ್ಪಾವಧಿ ಸಾಲದ ಬಡ್ಡಿಯನ್ನು, ಶೇ 4ರಿಂದ 6.5ಕ್ಕೆ ಏರಿಸಿತು. ಇವರ ಸಾಲ ರೆಪೊಗೆ ಜೋಡಿಸಿದ್ದು, ಹಾಗಾಗಿ ಬಡ್ಡಿ ಶೇ 9.25 ಆಯಿತು. ಬ್ಯಾಂಕು ಕಂತನ್ನು ಮುಟ್ಟದೆ ಅವಧಿಯನ್ನು ಹಿಗ್ಗಿಸಿತು. ಅದೇ ಕಂತು ಮುಂದುವರಿದರೆ ಇನ್ನು ಸುಮಾರು 562 ತಿಂಗಳು ಬೇಕು. ಅಷ್ಟು ಹೊತ್ತಿಗೆ ಬಸವರಾಜರಿಗೆ 88 ದಾಟಿರುತ್ತದೆ. ಲೆಕ್ಕ ನೋಡಿ ಇಬ್ಬರೂ ಸುಮ್ಮನಾದರು. ಕಂತು ಏರದಿದ್ದುದನ್ನೇ ಅವರು ಭಾಗ್ಯವೆಂದುಕೊಂಡಿದ್ದರು. ಇಂಥ ನೆಮ್ಮದಿಯೇ ನನಗೆ ಹೆಚ್ಚು ಭಯ ಹುಟ್ಟಿಸುತ್ತದೆ.

ಮೂಲ ಅವಧಿಯಲ್ಲಿ ಉಳಿದಿದ್ದುದು 211 ತಿಂಗಳು. ಅಷ್ಟರಲ್ಲೇ ಮುಗಿಸಲು ಕಂತು 23,380 ಆಗಬೇಕು. ಅಷ್ಟು ಹೊರುವುದು ಅವರಿಗೆ ಕಷ್ಟ. ಶಾಂತಾ ಅವರ ಹೆಸರಿನಲ್ಲಿ 3 ಲಕ್ಷದ ಠೇವಣಿಯಿತ್ತು. ಅದರಲ್ಲಿ 2 ಲಕ್ಷವನ್ನು ಅಸಲಿಗೆ ಕಟ್ಟಿ, ಉಳಿದದ್ದನ್ನು ಆಪತ್ತಿಗೆ ಇಟ್ಟುಕೊಳ್ಳಿ ಎಂದೆ. ಆಗ 21,458 ರೂಪಾಯಿಯ ಕಂತಿನಲ್ಲೇ ಬಸವರಾಜರ 60ರೊಳಗೆ ಸಾಲ ತೀರುತ್ತದೆ. ವ್ಯಕ್ತಿಗಳ ಬದಲಾಗುವ ಬಡ್ಡಿಯ ಗೃಹಸಾಲಕ್ಕೆ ಮುಂಗಡ ಪಾವತಿಯ ದಂಡವಿಲ್ಲ.

"ಸ್ಥಿರ ಬಡ್ಡಿಗೆ ಹೋದರೆ ಈ ತಲೆನೋವೇ ಇರುವುದಿಲ್ಲವಲ್ಲ?" ಎಂದರು ಬಸವರಾಜ. ಬ್ಯಾಂಕು ಹೇಳಿದ್ದ ಸ್ಥಿರ ದರ ಶೇ 10.5. 2 ಲಕ್ಷ ಕಟ್ಟಿದ ಮೇಲೆ ಉಳಿಯುವ ಬಾಕಿಗೆ, ಅದೇ ಅವಧಿಗೆ ಕಂತು 23,236. ಬದಲಾವಣೆಯ ಶುಲ್ಕ ಬೇರೆ. ಮುಂದೆ ದರ ಇಳಿದರೂ ಇವರಿಗೆ ಇಳಿಯುವುದಿಲ್ಲ. ದರ ಏರಿ ನಿಂತಾಗ ಸ್ಥಿರಕ್ಕೆ ಹೋಗುವುದೆಂದರೆ ದುಬಾರಿ ದರಕ್ಕೇ ಕಟ್ಟುಬಿದ್ದಂತೆ, ಬೇಡ ಎಂದೆ. ಹೆಸರಿಗೆ ಸ್ಥಿರವಾದ ಕೆಲವು ಸಾಲಗಳಲ್ಲಿ ಕೆಲವು ವರ್ಷಗಳ ಬಳಿಕ ದರ ಪರಿಷ್ಕರಿಸುವ ಷರತ್ತೂ ಇರುತ್ತದೆ. ಒಪ್ಪಂದಪತ್ರದಲ್ಲಿ ಅದನ್ನು ಹುಡುಕಲೇಬೇಕು.

ಬ್ಯಾಂಕಿಗೆ ಬರೆಯಬೇಕಾದ ಪತ್ರವನ್ನು ಅಲ್ಲೇ ಕುಳಿತು ಬರೆದೆವು. ದರ ಬದಲಾದಾಗ ಕಂತು ಏರಿಸಬೇಕೋ, ಅವಧಿ ಹೆಚ್ಚಿಸಬೇಕೋ, ಎರಡನ್ನೂ ಬೆರೆಸಬೇಕೋ ಎಂಬ ಆಯ್ಕೆಯನ್ನು ಸಾಲಗಾರನಿಗೆ ಕೊಡಬೇಕೆಂದು 2023ರ ಆಗಸ್ಟಿನಲ್ಲಿ ರಿಸರ್ವ್ ಬ್ಯಾಂಕು ಆದೇಶಿಸಿದೆ. ಉಳಿದ ಕಂತುಗಳ ಸಂಖ್ಯೆಯಿರುವ ವಿವರಪಟ್ಟಿಯನ್ನೂ ಮೂರು ತಿಂಗಳಿಗೊಮ್ಮೆ ಕೊಡಬೇಕು.

2025ರಲ್ಲಿ ರೆಪೊ ಇಳಿಯತೊಡಗಿದಾಗ ಶಾಂತಾ ಫೋನ್ ಮಾಡಿದರು: ಕಂತು ಇಳಿಸಿಕೊಳ್ಳೋಣವೇ? ಕಂತು ಹಾಗೇ ಇರಲಿ, ಈ ಸಲ ಅವಧಿ ಕುಗ್ಗಲಿ ಎಂದೆ.