‘ಈ ವಯಸ್ಸಲ್ಲಿ ಯಾಕೆ ಹಿಂಸೆ’: ರಾಜೀನಾಮೆ ಬರ್ಕೊಡೋಕೆ ಹೊರಟಿದ್ದ ಒಬ್ರ ಕೇಸು

(ಹೆಸರು, ತಾರೀಖು, ಗುರುತು ಸಿಗೋ ವಿವರ ಎಲ್ಲ ಬದಲಾಯ್ಸಿದೀನಿ. ಅವ್ರನ್ನ ಕೇಳ್ಕೊಂಡೇ ಬರೀತಿರೋದು.)

ಸುಮಿತ್ರಾ ಅಂತ ಇಟ್ಕೊಳ್ಳೋಣ. 53 ವರ್ಷ, ಬೆಂಗಳೂರಿನ ಒಂದು ಫ್ಯಾಕ್ಟರೀಲಿ ಅಕೌಂಟ್ಸ್ ಸೆಕ್ಷನ್, 24 ವರ್ಷ ಸರ್ವೀಸು. ಕಂಪನೀನ ಅಮೆರಿಕದವ್ರು ತಗೊಂಡ್ಮೇಲೆ ಹೊಸ ಮ್ಯಾನೇಜರ್ ಬಂದ್ರು, ಇವ್ರಿಗಿಂತ ಇಪ್ಪತ್ತು ವರ್ಷ ಚಿಕ್ಕವ್ರು. ಆದ್ರೆ ನನ್ನ ಹತ್ರ ಕೌನ್ಸೆಲಿಂಗ್‌ಗೆ ಬಂದಾಗ ಆಫೀಸಿನ ಮಾತೇ ಎತ್ತಲಿಲ್ಲ. "ಮೇಡಂ, ನಂಗೆ ಮರೆವು ಶುರುವಾಗಿದೆ ಅನ್ಸತ್ತೆ, ಟೆಸ್ಟ್ ಏನಾದ್ರೂ ಇದ್ರೆ ಮಾಡಿ, ಹೌದು ಅಂತ ಆದ್ರೆ ಕೆಲ್ಸ ಬಿಟ್ಟು ಮನೇಲಿರ್ತೀನಿ" ಅಂದ್ರು.

ಮನೇಲಿ ಏನೇನು ಮರೀತೀರಿ ಅಂತ ಕೇಳ್ದೆ. ಅತ್ತೆಯ ಮಾತ್ರೆ, ಚೀಟಿ ದುಡ್ಡು, ಮಗನ ಫೀಸ್ ಕಟ್ಟೋ ದಿನ, ಒಂದೂ ತಪ್ಪಿಲ್ಲ. ಮರೆವು ಆಫೀಸಲ್ಲಿ ಮಾತ್ರ. ಅದನ್ನೂ ಬಿಡಿಸಿ ಕೇಳ್ತಾ ಹೋದ್ರೆ ಅಲ್ಲಿ ನಡೀತಿದ್ದಿದ್ದೇ ಬೇರೆ. ಮೀಟಿಂಗ್ ಟೈಮ್ ಬದಲಾದ ಮೆಸೇಜು ಹೋಗೋ ವಾಟ್ಸಾಪ್ ಗ್ರೂಪಲ್ಲಿ ಇವ್ರೇ ಇಲ್ಲ, ವೆಂಡರ್ ಪೇಮೆಂಟ್ ಪಾಸ್ ಮಾಡೋ ಕೆಲ್ಸ ಹೊಸ ಹುಡುಗನಿಗೆ ಹೋಗಿದೆ ಆದ್ರೆ ಇವ್ರಿಗೆ ಯಾರೂ ಹೇಳಿಲ್ಲ, ಆಮೇಲೆ ಎಲ್ಲರೆದುರಿಗೆ "ಏನ್ ಮೇಡಂ, ಅಷ್ಟೂ ಗೊತ್ತಿಲ್ವಾ" ಅನ್ನೋದು. ಗೊತ್ತಾಗೋಕೆ ಬಿಡದೇ ಇರೋದನ್ನ ಇವ್ರು ತಮ್ಮ ಮರೆವು ಅಂತ ನಂಬಿಬಿಟ್ಟಿದ್ರು. ಥೈರಾಯ್ಡ್, ಬಿಪಿ ನೋಡಿಸ್ಕೊಳ್ಳಿ ಅಂತ ಡಾಕ್ಟ್ರ ಹತ್ರ ಕಳಿಸ್ದೆ, ಅದನ್ನ ಬಿಡೋ ಹಾಗಿಲ್ಲ. ನಿದ್ದೆ ಇಲ್ಲದ್ದು, ಆಫೀಸಿನ ಒತ್ತಡ ಎರಡನ್ನೂ ಡಾಕ್ಟ್ರಿಗೆ ಬಾಯ್ಬಿಟ್ಟು ಹೇಳಿ, ಚೀಟಿಯಲ್ಲಿ ಬರೀಲಿ ಅಂತಾನೂ ಹೇಳಿದ್ದೆ.

ಆಮೇಲೆ ಡೈರಿ ಬರೀರಿ ಅಂದೆ. ಮೊದಲನೇ ವಾರ ತಂದಿದ್ದು ಹೀಗಿತ್ತು: "ಇವತ್ತೂ ಅವಮಾನ ಮಾಡಿದ್ರು, ಅಳು ಬಂತು." ಮನಸ್ಸು ಹಗುರ ಆಗೋಕೆ ಸರಿ, ಆದ್ರೆ ನಾಳೆ ಇನ್ನೊಬ್ರು ಓದಿದ್ರೆ ಏನೂ ಗೊತ್ತಾಗಲ್ಲ. ತಾರೀಖು, ಟೈಮು, ಜಾಗ, ಯಾರು ಅಂದ್ರು, ಅವ್ರ ಬಾಯಿಂದ ಬಂದ ಮಾತು ಹಾಗ್ಹಾಗೇ (ಇಂಗ್ಲಿಷಲ್ಲಿ ಅಂದಿದ್ರೆ ಇಂಗ್ಲಿಷಲ್ಲೇ), ಅಲ್ಲಿ ಯಾರ್ಯಾರಿದ್ರು, ನೀವೇನಂದ್ರಿ, ಇಷ್ಟು ಬರೀರಿ, ಅಳು ಸಿಟ್ಟು ಎಲ್ಲ ಬೇರೆ ಪುಸ್ತಕದಲ್ಲಿ ಇರ್ಲಿ ಅಂತ ಹೇಳ್ದೆ. ಮುಂದಿನ ಸಲ ಬಂದಾಗ ಪುಟ ಹೀಗಿತ್ತು:

"ಜುಲೈ 8, ಮಂಗಳವಾರ, 10.40, ರಿವ್ಯೂ ಮೀಟಿಂಗ್. ಮ್ಯಾನೇಜರ್: ‘ಹೊಸ ಸಾಫ್ಟ್‌ವೇರ್ ಮೇಡಂಗೆ ಬೇಡ ಬಿಡಿ, ಈ ವಯಸ್ಸಲ್ಲಿ ಯಾಕೆ ಹಿಂಸೆ.’ ಇದ್ದವರು: ಸ್ಟೋರ್ಸ್‌ನವ್ರು, ಹೊಸ ಹುಡುಗ, ಎಚ್‌ಆರ್‌ನ ಹುಡುಗಿ. ನಾನು: ‘ಟ್ರೈನಿಂಗ್ ಕೊಡಿ, ಕಲೀತೀನಿ.’ ಎಲ್ಲರೂ ನಕ್ಕರು.
ಜುಲೈ 10, ಗುರುವಾರ. ಟ್ರೈನಿಂಗ್ ಲಿಸ್ಟ್ ಬಂತು. ನನ್ನ ಹೆಸರಿಲ್ಲ."

ಈ ಎರಡನೇ ಎಂಟ್ರಿ ಇದ್ಯಲ್ಲ, ಅದೇ ಮುಖ್ಯ. ಅಜ್ಜಿ, ಆಂಟಿ ಅಂತ ಕುಟುಕೋ ಮಾತು ಎಷ್ಟಿದ್ರೂ "ತಮಾಷೆ ಮಾಡಿದ್ವಿ" ಅಂತ ತೇಲಿಸಿಬಿಡ್ತಾರೆ. ಮಾತಿನ ಹಿಂದೇನೇ ಒಂದು ನಿರ್ಧಾರ ಬಂದಾಗ, ಅಂದ್ರೆ ಟ್ರೈನಿಂಗ್ ಕೊಡದೇ ಇರೋದು, ಲಾಗಿನ್ ತೆಗೆಯೋದು, ಟೇಬಲ್ ಎತ್ತಿಸಿ ಜೆರಾಕ್ಸ್ ಮಿಷನ್ ಪಕ್ಕ ಹಾಕಿಸೋದು, ಆಗ ತಮಾಷೆ ಅನ್ನೋಕೆ ಕಷ್ಟ ಆಗತ್ತೆ. ಹಾಗಾಗಿ ಮಾತು ಬರೆದು ನಿಲ್ಲಿಸ್ಬೇಡಿ, ಆಮೇಲೆ ಏನಾಯ್ತು ಅನ್ನೋದನ್ನೂ ಅದರ ಕೆಳಗೆ ಬರೀರಿ ಅಂದೆ. ಹಿಂದಿನ ತಿಂಗಳುಗಳದ್ದು ನೆನಪಿದ್ರೆ "ನೆನಪಿನಿಂದ ಬರೆದದ್ದು" ಅಂತ ಹೆಡಿಂಗ್ ಹಾಕಿ ಇವತ್ತಿನ ತಾರೀಖಲ್ಲೇ ಬರೀಬೇಕು. ಹಳೇ ತಾರೀಖು ಹಾಕಿ ಬರೆದು ಒಂದು ಸಿಕ್ಕಿಬಿದ್ರೆ ಮಿಕ್ಕಿದ್ದೆಲ್ಲಾ ಸುಳ್ಳಾಗತ್ತೆ.

ಪುಸ್ತಕ ಮನೇಲಿರ್ಲಿ, ಆಫೀಸ್ ಲ್ಯಾಪ್‌ಟಾಪಲ್ಲಿ ಬೇಡ, ಕೆಲ್ಸ ಬಿಡಿಸಿದ ದಿನ ಅದು ಕೈತಪ್ಪಿ ಹೋಗತ್ತೆ. ಕಂಪನಿ ಫೈಲುಗಳನ್ನ ಸ್ವಂತ ಮೇಲ್‌ಗೆ ಕಳಿಸ್ಕೊಳ್ಳೋಕೂ ಹೋಗ್ಬೇಡಿ, ಅದನ್ನೇ ಹಿಡ್ಕೊಂಡು ಶಿಸ್ತು ಕ್ರಮ ಅಂತಾರೆ. ಬಾಯಲ್ಲಿ ಹೇಳಿದ್ದನ್ನ ಮಾತ್ರ ಮೇಲ್‌ಗೆ ತನ್ನಿ. ಸುಮಿತ್ರಾ ಅವ್ರು ಎರಡೇ ಸಾಲು ಬರೆದ್ರು: "ಟ್ರೈನಿಂಗ್ ಲಿಸ್ಟಲ್ಲಿ ನನ್ನ ಹೆಸರಿಲ್ಲ, ಮುಂದಿನ ಬ್ಯಾಚಿಗೆ ಸೇರಿಸಬೇಕಾಗಿ ವಿನಂತಿ." ಉತ್ತರ ಬರಲಿಲ್ಲ. ಉತ್ತರ ಬರದೇ ಇದ್ದಿದ್ದೂ ಡೈರಿಗೆ ಹೋಯ್ತು.

ಒಂದು ಅಪಾಯಾನೂ ಇದೆ. ರಾತ್ರಿ ಕೂತು ಹತ್ತತ್ತು ಸಲ ಓದ್ಕೊಂಡು ಮತ್ತೆ ಕುದಿಯೋದು. ಇವ್ರಿಗೂ ಹಾಗೆ ಆಗ್ತಿತ್ತು, ಅವ್ರ ಯಜಮಾನ್ರು ಫೋನ್ ಮಾಡಿ "ಮೇಡಂ, ಊಟಕ್ಕೂ ಆ ಪುಸ್ತಕ ಹಿಡ್ಕೊಂಡೇ ಕೂರ್ತಾಳೆ" ಅಂದ್ರು. ಸಂಜೆ ಮನೆಗೆ ಬಂದ ತಕ್ಷಣ ಹತ್ತು ನಿಮಿಷ ಬರೆದು ಬೀರುವಲ್ಲಿ ಇಡೋದು, ಹಳೇ ಪುಟ ನನ್ನ ಎದುರಿಗೆ ಮಾತ್ರ ತೆಗೆಯೋದು ಅಂತ ಮಾಡ್ಕೊಂಡ್ವಿ.

ಸೆಪ್ಟೆಂಬರಲ್ಲಿ ಪಿಐಪಿ ಬಂತು, ಅಂದ್ರೆ ಇಷ್ಟು ದಿನದಲ್ಲಿ ಸುಧಾರಿಸ್ಕೊಳ್ಳಿ ಇಲ್ಲಾಂದ್ರೆ ಅಂತ ಕೊಡೋ ಕಾಗದ. ಕಾರಣ: ಹೊಸ ಸಾಫ್ಟ್‌ವೇರ್ ಬರಲ್ಲ. ಆಗ ಜುಲೈ ಪುಟದ ಬೆಲೆ ಅವ್ರಿಗೇ ಗೊತ್ತಾಯ್ತು.

ಕಾನೂನು ವಿಷ್ಯ ವಕೀಲರನ್ನ ಕೇಳಿ ಅಂತಾನೇ ಹೇಳ್ದೆ, ಆದ್ರೆ ಇಷ್ಟು ತಿಳ್ಕೊಂಡಿರ್ಬೇಕು. ಅಮೆರಿಕದಲ್ಲಿ 40 ತುಂಬಿದವ್ರಿಗೆ ವಯಸ್ಸಿನ ತಾರತಮ್ಯದ ವಿರುದ್ಧ 1967ರಿಂದ ಕಾಯ್ದೇನೇ ಇದೆ. ನಮ್ಮಲ್ಲಿ ಖಾಸಗಿ ಕೆಲ್ಸದವ್ರಿಗೆ ಅಂಥ ಪ್ರತ್ಯೇಕ ಕಾಯ್ದೆ ಇಲ್ಲ. ಹಾಗಾಗಿ ಇಲ್ಲಿ ಡೈರಿ ಕೆಲ್ಸಕ್ಕೆ ಬರೋದು ಬೇರೆ ರೀತಿ: ಪಿಐಪಿ ಬರೀ ನೆಪ, ರಾಜೀನಾಮೆ ಒತ್ತಾಯದಿಂದ ಬರೆಸ್ಕೊಂಡಿದ್ದು ಅಂತ ತೋರ್ಸೋಕೆ. ಜೊತೆಗೆ ಅಮೆರಿಕದ ಕಂಪನಿಗಳ ನೀತಿಸಂಹಿತೇಲಿ ವಯಸ್ಸಿನ ಮೇಲೆ ಭೇದ ಮಾಡಲ್ಲ ಅಂತ ಬರೆದಿರೋದು ಸಾಮಾನ್ಯ. ಇವ್ರ ಕಂಪನೀದು ತೆಗೆಸಿ ನೋಡಿದ್ವಿ, ಇತ್ತು. ಡೈರಿಯಿಂದ ತಾರೀಖು ಸಮೇತ ಐದು ಘಟನೆ ಆರಿಸಿ, ಒಂದು ಪುಟದ ದೂರನ್ನ ಹೆಡ್ ಆಫೀಸಿನ ಎಥಿಕ್ಸ್ ಲೈನಿಗೆ ಕಳಿಸಿದ್ರು. ಇಡೀ ಡೈರಿ ಕಳಿಸೋದು ಬೇಡ ಅಂದಿದ್ದೆ, ನಲವತ್ತು ಪುಟ ಯಾರೂ ಓದಲ್ಲ.

ಅದಕ್ಕೆ ಉತ್ತರ ಬರೋ ಮುಂಚೇನೇ ಎಚ್‌ಆರ್ ರೂಮಿಗೆ ಕರೆದು ಬಾಗಿಲು ಹಾಕಿ, ಟೈಪ್ ಮಾಡಿಟ್ಟ ರಾಜೀನಾಮೆ ಮುಂದೆ ಇಟ್ಟು "8 ಲಕ್ಷದ ಪ್ಯಾಕೇಜು, ಇವತ್ತು ಸೈನ್ ಮಾಡಿದ್ರೆ ಮಾತ್ರ" ಅಂದ್ರು. ಇದಕ್ಕೆ ಮೊದ್ಲೇ ತಯಾರಾಗಿದ್ವಿ. "ಮನೇಲಿ ಕೇಳಿ ಲಿಖಿತವಾಗಿ ಹೇಳ್ತೀನಿ, ಇದರ ವಿವರ ಮೇಲ್ ಮಾಡಿ" ಅಂತಷ್ಟೇ ಹೇಳಿ ಎದ್ದು ಬಂದ್ರು, ಸಂಜೆ ಯಾರು ಏನಂದ್ರು ಅಂತ ಅದೇ ಎಚ್‌ಆರ್‌ಗೆ ಮೇಲ್ ಹಾಕಿದ್ರು. ಒಂದ್ವೇಳೆ ಹೆದರಿ ಸೈನ್ ಮಾಡಿಬಿಟ್ಟಿದ್ರೂ, ಆವತ್ತೇ ಇಲ್ಲಾ ಮಾರನೇ ದಿನ "ಒತ್ತಾಯದಿಂದ ಸೈನ್ ಹಾಕ್ಸಿದ್ರು, ಹಿಂದಕ್ಕೆ ತಗೊಳ್ತಿದೀನಿ" ಅಂತ ಮೇಲ್ ಹೋಗ್ಬೇಕು, ತಿಂಗಳು ಬಿಟ್ಟು ಹೇಳಿದ್ರೆ ಯಾರೂ ನಂಬಲ್ಲ.

ಇನ್ನು ಆ 8 ಲಕ್ಷ. ಕೂತು ಲೆಕ್ಕ ಹಾಕಿದ್ವಿ. ಬೇಸಿಕ್ 42,000, ಅದನ್ನ 26ರಿಂದ ಭಾಗಿಸಿ 15ರಿಂದ ಗುಣಿಸಿ 24 ವರ್ಷಕ್ಕೆ ಹಾಕಿದ್ರೆ ಗ್ರಾಚ್ಯುಟಿನೇ 5,81,538 ರೂಪಾಯಿ. ಅದು ಯಾವಾಗ ಕೆಲ್ಸ ಬಿಟ್ರೂ ಬರೋ ದುಡ್ಡು, ಪ್ಯಾಕೇಜಲ್ಲಿ ಸೇರ್ಸಿ ತೋರ್ಸಿದಾರೆ. ಅಂದ್ರೆ 24 ವರ್ಷ ದುಡಿದವ್ರನ್ನ ಕಳ್ಸೋಕೆ ಕಂಪನಿ ಕೈಯಿಂದ ಹಾಕ್ತಿದ್ದಿದ್ದು ಎರಡು ಲಕ್ಷ ಚಿಲ್ಲರೆ.

ನವೆಂಬರಲ್ಲಿ ಪಿಐಪಿ ವಾಪಸ್ ತಗೊಂಡ್ರು, ಟ್ರೈನಿಂಗೂ ಕೊಟ್ರು. ಮ್ಯಾನೇಜರ್‌ಗೆ ಏನೂ ಆಗಿಲ್ಲ, ಅಲ್ಲೇ ಇದಾರೆ, ಈಗ ಮಾತೇ ಆಡಲ್ಲ. ಸುಮಿತ್ರಾ ಅವ್ರಿಗೆ ಅಲ್ಲೇ ಮುಂದುವರಿಯೋ ಮನಸ್ಸು ಅಷ್ಟಾಗಿ ಇಲ್ಲ, ಆದ್ರೆ ಬಿಡೋದಾದ್ರೆ ಗ್ರಾಚ್ಯುಟಿ ಬಿಟ್ಟು ಹತ್ತು ತಿಂಗಳ ಸಂಬಳ, ಮಗನ ಡಿಗ್ರಿ ಮುಗಿಯೋವರೆಗೆ ಮನೆಯವ್ರ ಇನ್ಶೂರೆನ್ಸು, ರಿಲೀವಿಂಗ್ ಲೆಟರಲ್ಲಿ ಪಿಐಪಿ ಮಾತು ಇರ್ಬಾರ್ದು ಅಂತ ಮೂರು ಷರತ್ತು ಬರೆದು ಕಳಿಸಿದಾರೆ. ಕಂಪನಿ ಆರು ತಿಂಗಳ ಸಂಬಳ ಅಂತಿದೆ, ಮಾತುಕತೆ ನಡೀತಿದೆ.